ಮದುವೆ ರಜೆಯ ಅರ್ಜಿ

ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿರುವ ಸಿಂದಗಿ ಕಡೆಯ ಹುಡುಗನೊಬ್ಬನ ಮದುವೆ ಮೇ 14, ಗುರುವಾರ ಅಂದುಕೊಳ್ಳೋಣ. ಮದುವೆಗೆಂದೇ ಬೇರೆ ರಜೆ ಇಲ್ಲ. ಗಳಿಕೆ ರಜೆಯನ್ನೇ ಕೇಳಬೇಕು.

ಸಿಂದಗಿಗೆ ರೈಲಿಲ್ಲ, ಮುದ್ದೇಬಿಹಾಳಕ್ಕೂ ಇಲ್ಲ. ರಾತ್ರಿ ರೈಲಿಗೆ ವಿಜಯಪುರ ಮುಟ್ಟಿ, ಅಲ್ಲಿಂದ ಬಸ್ಸು ಹಿಡಿಯಬೇಕು. ಇಂಡಿ, ಬಸವನ ಬಾಗೇವಾಡಿಯವರಿಗೆ ಅವರ ಹೆಸರಿನ ರೋಡ್ ಸ್ಟೇಷನ್ ಉಂಟು, ಆದರೆ ಊರೊಳಗಲ್ಲ.

ಶನಿವಾರ ರಾತ್ರಿ ಹೊರಟರೆ ಭಾನುವಾರ ಮನೆ. ಆ ರಜಾದಿನವನ್ನು ರಜೆಯ ಮೊದಲಿಗೆ ಸೇರಿಸಲು ಅನುಮತಿ ಕೇಳಿ, 11ರಿಂದ ರಜೆ ಬರೆಯಲಿ. ನಡುವೆ ಬರುವ 17ರ ಭಾನುವಾರ ಮಾತ್ರ ರಜೆಯ ಲೆಕ್ಕಕ್ಕೇ ಹೋಗುತ್ತದೆ.

ಹೋಗುವ ದಿನ ಎಲ್ಲರಿಗೂ ನೆನಪಿರುತ್ತದೆ, ಬರುವ ದಿನ ಮರೆಯುತ್ತಾರೆ. ಅರಿಶಿನ, ಅಕ್ಕಿಕಾಳು, ಬೀಗರೂಟ ಮುಗಿಸಿ 19ರ ಸಂಜೆ ರೈಲು ಹತ್ತಿದರೆ ಬೆಂಗಳೂರು ಕಾಣುವುದು 20ರ ಬೆಳಿಗ್ಗೆ. ರೈಲು ತಡವಾದರೆ ಆ ದಿನವೂ ಹೋಯಿತು. ಆದ್ದರಿಂದ 20ರವರೆಗೆ ರಜೆ, 21ಕ್ಕೆ ಹಾಜರು.

‘ಫೋನಿನಲ್ಲಿ ಸಿಗುತ್ತೇನೆ’ ಎಂದಷ್ಟೇ ಬರೆದರೆ ತಾಳಿ ಕಟ್ಟುವಾಗಲೂ ಫೋನು ಬರುತ್ತದೆ! 12ರವರೆಗೆ ಸಂಜೆ ಒಂದು ತಾಸು ಸಿಗುವೆ, 13ರಿಂದ 15ರವರೆಗೆ ಸಿಗುವುದಿಲ್ಲ, ಕಡತಗಳು ಇಂಥವರ ಬಳಿ ಇವೆ ಎಂದು ಸ್ಪಷ್ಟವಾಗಿರಲಿ. ರಜೆಯಲ್ಲಿರುವ ವಿಳಾಸ ಬರೆದು, ಲಗ್ನಪತ್ರಿಕೆ ಲಗತ್ತಿಸಿ. ಮಂಜೂರಾತಿ ಕೈಗೆ ಬಂದ ಮೇಲೆಯೇ ಊರಿಗೆ ಹೊರಡಿ.