ಪರದೇಶದ ನೌಕರಿಗೆ ವೃತ್ತಿವಿವರ ಬರೆಯುವ ಬಗೆ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಪರದೇಶದ ನೌಕರಿಗೆ ಅರ್ಜಿ ಹಾಕುವ ಕುಶಲ ಕೆಲಸಗಾರರು ಅದರೊಡನೆ ಒಂದು ಪುಟದ ವೃತ್ತಿವಿವರವನ್ನು ಲಗತ್ತಿಸುವುದುಂಟು. ಅದನ್ನು ಓದುವ ಅಧಿಕಾರಿ ನಮ್ಮನ್ನು ಕಂಡವನಲ್ಲ. ಆತನ ಮುಂದೆ ಎರಡು ಬಗೆಯ ಕಾಗದಗಳಿರುತ್ತವೆ. ನಾವು ಹೇಳಿಕೊಂಡದ್ದು ಒಂದು. ಸರ್ಟಿಫಿಕೇಟು, ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ದಾಖಲೆ ಇನ್ನೊಂದು. ಇವೆರಡೂ ತಾಳೆಯಾಗುತ್ತವೆಯೇ ಎಂದು ನೋಡುವುದೇ ಆತನ ಮೊದಲ ಕೆಲಸ. ಆದುದರಿಂದ ವಿವರವನ್ನು ಬರೆಯುವ ಮೊದಲು ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಳ್ಳಬೇಕು.

ಉದಾಹರಣೆಗೆ ಬೈಂದೂರಿನ ಕಡೆಯ ಒಬ್ಬ ವೆಲ್ಡರನನ್ನು ಇಟ್ಟುಕೊಳ್ಳೋಣ. ಆತ 2015ರ ಆಗಸ್ಟಿನಿಂದ 2016ರ ಜುಲೈವರೆಗೆ ಐ.ಟಿ.ಐ.ಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಮುಗಿಸಿ ಮುಂಬಯಿಗೆ ಬಂದ. 2016ರ ಆಗಸ್ಟಿನಿಂದ 2017ರ ಮಾರ್ಚಿನವರೆಗೆ ಅಂಬರನಾಥದ ಒಂದು ಕಾರಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿದ. ಮೂರು ತಿಂಗಳು ಊರಲ್ಲಿದ್ದು, 2017ರ ಜುಲೈಯಿಂದ 2023ರ ಡಿಸೆಂಬರ್ ಕೊನೆಯವರೆಗೆ ತಳೋಜೆಯ ಒಂದು ಕಾರಖಾನೆಯಲ್ಲಿ ಕೆಲಸ ಮಾಡಿದ. ಕೇಳಿದವರಿಗೆ ಆತ ಹೇಳುವುದು “ಎಂಟು ವರ್ಷದ ಅನುಭವ” ಎಂದು.

ಈ ಎಂಟರಲ್ಲಿ ತರಬೇತಿಯ ವರ್ಷವೂ ಊರಲ್ಲಿ ಕಳೆದ ತಿಂಗಳುಗಳೂ ಸೇರಿಕೊಂಡಿವೆ. ಅವನ್ನು ಬೇರ್ಪಡಿಸಿದರೆ ಮೊದಲು ಎಂಟು ತಿಂಗಳು, ಆಮೇಲೆ ಆರೂವರೆ ವರ್ಷ, ಒಟ್ಟು 7 ವರ್ಷ 2 ತಿಂಗಳು. ತಳೋಜೆಯಲ್ಲಿ ಕೂಡ ಆತ 2019ರ ಕೊನೆಯವರೆಗೆ ತಗಡು, ಆಂಗಲ್‌ಗಳ ಕಟ್ಟಡ ಕೆಲಸದಲ್ಲಿದ್ದ. ಪೈಪ್ ಕೆಲಸಕ್ಕೆ ಬಂದುದು 2020ರ ಜನವರಿಯಲ್ಲಿ. ಅಂದರೆ ಪೈಪ್ ವೆಲ್ಡರ್ ಎಂಬ ಹುದ್ದೆಗೆ ಆತನ ಅನುಭವ ಸರಿಯಾಗಿ ನಾಲ್ಕು ವರ್ಷ. ಮೂರು ವರ್ಷ ಕೇಳಿದ ನೌಕರಿಗೆ ಇದು ಧಾರಾಳವಾಗಿ ಸಾಕು. ಏಳು ವರ್ಷವೂ ಪೈಪ್ ಕೆಲಸವೆಂದು ಬರೆದರೆ ಕಾರಖಾನೆಯ ಅನುಭವಪತ್ರವೇ ಅದನ್ನು ಸುಳ್ಳಾಗಿಸುತ್ತದೆ.

ಇನ್ನು ಕೆಲಸದ ವರ್ಣನೆ. “ಎಲ್ಲ ಬಗೆಯ ವೆಲ್ಡಿಂಗ್ ಬಲ್ಲೆ” ಎಂಬ ಮಾತಿನಿಂದ ಓದುವವನಿಗೆ ಏನೂ ತಿಳಿಯದು. ನಮ್ಮ ವೆಲ್ಡರನ ವಿವರ ಹೀಗಿರಬಹುದು: “6 ಇಂಚಿನ ಕಾರ್ಬನ್ ಸ್ಟೀಲ್ ಪೈಪು, ಷೆಡ್ಯೂಲ್ 80. ಒಳಗಿನ ಮೊದಲ ಪದರ ಟಿಗ್ ವೆಲ್ಡಿಂಗ್, ಮೇಲಿನ ಪದರಗಳು ಇ7018 ಎಲೆಕ್ಟ್ರೋಡಿನಿಂದ. 6ಜಿ ಸ್ಥಿತಿಯಲ್ಲಿ ಪರೀಕ್ಷೆ ಪಾಸಾಗಿದೆ.” ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ತಿರುಗಿಸದೆ ಸುತ್ತಲೂ ಬೆಸೆಯುವುದೇ 6ಜಿ. ಈ ನಾಲ್ಕು ಮಾತು ಓದಿದರೆ ಪರದೇಶದ ಫೋರ್‌ಮನ್‌ಗೆ ಯಾವ ಕೆಲಸ ಕೊಡಬಹುದೆಂದು ಗೊತ್ತಾಗುತ್ತದೆ.

ಇಲ್ಲಿ ತಾರೀಖಿಗೂ ಬೆಲೆಯಿದೆ. ಎ.ಎಸ್.ಎಂ.ಇ. ನಿಯಮದಂತೆ ವೆಲ್ಡರನು ಆ ಬಗೆಯ ವೆಲ್ಡಿಂಗನ್ನು ಆರು ತಿಂಗಳು ಮಾಡದೆ ಬಿಟ್ಟರೆ ಆತನ ಅರ್ಹತೆ ಮುಗಿಯುತ್ತದೆ. ಮತ್ತೆ ಪರೀಕ್ಷೆ ಕೊಡಬೇಕು. ಆದುದರಿಂದ ಕೊನೆಯ ಬಾರಿ ಟಿಗ್ ಕೆಲಸ ಮಾಡಿದ ತಿಂಗಳನ್ನೂ ಬರೆಯಬೇಕು.

ತಾಳೆ ತಪ್ಪುವುದು ಬಹಳವಾಗಿ ಎರಡು ಕಡೆ. ಮೊದಲನೆಯದು ಗುತ್ತಿಗೆಯ ಕಾಲ. ದುಡಿದದ್ದು ಕಾರಖಾನೆಯಲ್ಲಿ, ಪ್ರಾವಿಡೆಂಟ್ ಫಂಡಿನಲ್ಲಿರುವುದು ಗುತ್ತಿಗೆದಾರನ ಹೆಸರು. “ಇಂಥ ಗುತ್ತಿಗೆದಾರರ ಮೂಲಕ ಇಂಥ ಕಾರಖಾನೆಯಲ್ಲಿ” ಎಂದು ಎರಡೂ ಹೆಸರು ಬರೆದರೆ ತೊಡಕು ತೀರಿತು. ಎರಡನೆಯದು ಸ್ವಂತ ಹೆಸರು. ಊರಿನ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಇನಿಷಿಯಲ್ ಮುಂದೆ, ಹೆಸರು ಹಿಂದೆ. ಮುಂಬಯಿಯ ಹಾಜರಿ ಪುಸ್ತಕದಲ್ಲಿ ಇಲ್ಲಿನ ರೂಢಿಯಂತೆ ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು. ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೀತಿ. ಓದುವವನಿಗೆ ಇವರು ಮೂವರಾಗಿ ಕಾಣುತ್ತಾರೆ. ವಿವರದಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಬಳಸಬೇಕು. ಪ್ರಾವಿಡೆಂಟ್ ಫಂಡಿನ ಹೆಸರನ್ನು ಮೊದಲೇ ತಿದ್ದಿಸಿಕೊಳ್ಳಬೇಕು. ಇನ್ನೊಂದು ಮಾತು: ಶಾಲಾ ಸರ್ಟಿಫಿಕೇಟಿಗೆ ಸರ್ಕಾರದ ದೃಢೀಕರಣ ಬೇಕಾದರೆ ಅದು ಕೊಟ್ಟ ರಾಜ್ಯದಲ್ಲಿಯೇ ಮೊದಲಾಗುತ್ತದೆ. ಕರ್ನಾಟಕದ ಕಾಗದ ಹಿಡಿದು ಇಲ್ಲಿನ ರಾಜ್ಯ ಕಚೇರಿಗೆ ಅಲೆದು ಫಲವಿಲ್ಲ.

ಮಾಲೀಕರಿಂದ ಅನುಭವಪತ್ರ ಕೇಳುವಾಗ “ಒಳ್ಳೆಯ ನಡತೆಯವನು” ಎಂಬ ಎರಡು ಸಾಲಿಗೆ ತೃಪ್ತರಾಗಬಾರದು. ಕೆನಡಾದಂಥ ದೇಶ ಆ ಪತ್ರದಲ್ಲಿ ಹುದ್ದೆ, ಕೆಲಸಗಳ ಪಟ್ಟಿ, ಸೇರಿದ ಮತ್ತು ಬಿಟ್ಟ ತಾರೀಖು, ವಾರದ ದುಡಿಮೆಯ ಗಂಟೆ, ವಾರ್ಷಿಕ ಸಂಬಳ, ಮೇಲಧಿಕಾರಿಯ ಹೆಸರು ಮತ್ತು ಸಹಿ, ಎಲ್ಲವನ್ನೂ ಕೇಳುತ್ತದೆ. ಕೆಲಸ ಬಿಟ್ಟು ವರ್ಷಗಳಾದ ಮೇಲೆ ಅದನ್ನು ಪಡೆಯುವುದು ಕಷ್ಟ. ಬಿಡುವ ವಾರದಲ್ಲೇ ಪಡೆಯಬೇಕು.

ಏಜಂಟರು ತಾವೇ ವಿವರ ಟೈಪು ಮಾಡಿಸಿ “ಇಲ್ಲಿ ಸಹಿ ಹಾಕಿ” ಎನ್ನುವುದುಂಟು. ಅದರಲ್ಲಿ ನಾಲ್ಕು ವರ್ಷ ಹತ್ತಾಗಿದ್ದರೆ ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ಸುಳ್ಳು ಮಾಹಿತಿ ಸಾಬೀತಾದರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ. ಇಂಗ್ಲಿಷ್ ಓದಲು ತೊಡಕಾದವರು ಸಹಿಗೆ ಮೊದಲು ಆ ಕಾಗದವನ್ನು ವಾಚನಾಲಯಕ್ಕೆ ತರಲಿ. ಒಂದೊಂದು ತಾರೀಖನ್ನೂ ಮೂಲ ಕಾಗದದೊಡನೆ ಇಟ್ಟು ನಾವು ಕನ್ನಡದಲ್ಲಿ ಓದಿ ಹೇಳುತ್ತೇವೆ.