ಮೂರನೇ ಮಹಡಿಯಿಂದ ದೊಡ್ಡಪ್ಪನ್ನ ಇಳಿಸೋದು ಹ್ಯಾಂಗ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿ.ಎ. ಓದುವ ಹುಡುಗ. ಭಾಷಣ ಮಾಡಿ ರೂಢಿ ಇಲ್ಲ. ಹೋದ ವರ್ಷ ನಮ್ಮ ಬಿಲ್ಡಿಂಗಿನಲ್ಲಿ ನಡೆದದ್ದನ್ನು ಮಾತ್ರ ಹೇಳ್ತೀನಿ.

ನಮ್ಮದು ವಾಸ್ಕೋ ಕಡೆಯ ಒಂದು ಹಳೇ ಬಾಡಿಗೆ ಬಿಲ್ಡಿಂಗ್. ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಲಿಫ್ಟ್ ಒಂದು, ಮೆಟ್ಟಿಲು ಒಂದು. ಮೂರನೇ ಮಹಡಿಯಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಸೆಂಟ್ರಿಂಗ್ ಕೆಲಸದಾಗ ಮ್ಯಾಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವರಿಗೆ ವೀಲ್‌ಚೇರೇ ಕಾಲು. ಎರಡನೇ ಮಹಡಿಯಲ್ಲಿ ಕಣ್ಣು ಕಾಣದ ಒಬ್ಬ ಅಜ್ಜ. ಒಂದನೇ ಮಹಡಿಯಲ್ಲಿ ಕಿವಿ ಕೇಳದ ಒಬ್ಬ ಅಕ್ಕ, ಹಗಲೆಲ್ಲ ಒಬ್ಬಳೇ ಮನೆಯಲ್ಲಿ ಹೊಲಿಗೆ ಮಾಡ್ತಾಳೆ. ಬಾಡಿಗೆ ಹಿಡಿಯುವಾಗ ನಾವು ಮಹಡಿ ಆರಿಸಲ್ಲ, ಸಿಕ್ಕಿದ್ದರಲ್ಲಿ ಇರ್ತೀವಿ.

ಒಂದು ರಾತ್ರಿ ಕೆಳಗಿನ ಮೀಟರ್ ಬೋರ್ಡಿನಿಂದ ಹೊಗೆ ಬಂತು. ಎಲ್ಲರೂ ಓಡಿ ಕೆಳಗೆ ಬಂದು ನಿಂತೆವು. ಹೊಗೆ ತಾನೇ ಆರಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ರಸ್ತೆ ಮೇಲೆ ನಿಂತು ತಲೆ ಎಣಿಸಿದಾಗ ಮೂರು ತಲೆ ಕಮ್ಮಿ. ಯಾವ ಮೂರು ಅಂತ ನಾನು ಹೇಳಬೇಕಾಗಿಲ್ಲ. ಅವತ್ತು ದೊಡ್ಡಪ್ಪ ನನಗೆ ಒಂದೇ ಮಾತು ಕೇಳಿದ್ರು: “ನೀ ಇಳಿಯೋವಾಗ ನಮ್ಮ ಬಾಗಲಾ ದಾಟಿ ಹೋದಿ ಅಲ್ಲೋ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಲಿಫ್ಟ್ ಇದೆಯಲ್ಲ ಅಂತ ನೀವು ಕೇಳಬಹುದು. ಬೆಂಕಿ ಬಿದ್ದಾಗ ಕರೆಂಟ್ ಹೋಗುತ್ತೆ, ಲಿಫ್ಟ್ ನಡುವೆ ನಿಂತುಬಿಡುತ್ತೆ. ಅದು ಓಡಾಡುವ ಉದ್ದ ಗುಂಡಿ ಹೊಗೆಗೆ ಚಿಮಣಿ ಆಗುತ್ತೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅಲ್ಲಿ ವೈರು ಹಾಯುವ ಕೊಳವೆಯೊಳಗೆ ಹೊತ್ತಿ, ಹೊಗೆ ಮೇಲಿನ ಮಹಡಿಗಳಿಗೆ ಏರಿತು. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಓಡಬಲ್ಲವರಿಗೇ ಈ ಗತಿ ಆದರೆ ವೀಲ್‌ಚೇರಿನಲ್ಲಿ ಕೂತವರದ್ದು?

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 24 ಮೀಟರಿಗಿಂತ ಎತ್ತರದ ಕಟ್ಟಡಕ್ಕೆ ‘ಆಶ್ರಯ ಜಾಗ’ ಅಂತ ಇದೆ. ಇಳಿಯಲಾಗದವರು ಹೊಗೆ ತಾಗದೆ ಕಾಯುವ ತೆರೆದ ಜಾಗ ಅದು. ನಮ್ಮದು ಸುಮಾರು 12 ಮೀಟರಿನ ಬಿಲ್ಡಿಂಗ್, ಆ ನಿಯಮ ನಮಗೆ ತಾಗೋದಿಲ್ಲ. ಹಾಗಾಗಿ ಯೋಜನೆಯನ್ನು ನಾವೇ ಮಾಡಬೇಕಾಯ್ತು. ಸಂಘದ ಆರು ಹುಡುಗರು ಸೇರಿ ಒಂದು ಭಾನುವಾರ ತಾಲೀಮು ಇಟ್ಟುಕೊಂಡೆವು.

ಮೊದಲು ದೊಡ್ಡಪ್ಪ. ನಾವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ಎತ್ತಿದೆವು. ಮೊದಲ ತಿರುವಿನಲ್ಲೇ ಕುರ್ಚಿಯ ಕೈ ಚಟ್ ಅಂತ ಮುರೀತು. ಪುಣ್ಯಕ್ಕೆ ಗೋಡೆಗೆ ಆನಿಸಿ ಹಿಡಿದೆವು. ಆಮೇಲೆ ದೊಡ್ಡಪ್ಪನೇ ಹೇಳಿಕೊಟ್ಟರು: “ಎತ್ತಬ್ಯಾಡ್ರಿ, ನನ್ನ ಗಾಡಿನ ಇಳಸ್ರಿ.” ಮುಖ ಕೆಳಮೆಟ್ಟಿಲ ಕಡೆಗೆ. ಗಟ್ಟಿ ಇರುವವನು ಹಿಂದೆ ನಿಂತು ಹಿಡಿಕೆ ಹಿಡಿದು ಕುರ್ಚಿಯನ್ನು ಹಿಂದಕ್ಕೆ ವಾಲಿಸಬೇಕು. ಇನ್ನೊಬ್ಬ ಮುಂದೆ, ಕೆಳಗಿನ ಮೆಟ್ಟಿಲಲ್ಲಿ ನಿಂತು ಕುರ್ಚಿಯ ಕಬ್ಬಿಣದ ಚೌಕಟ್ಟನ್ನೇ ಹಿಡಿಯಬೇಕು. ಕಾಲಿಡುವ ಹಲಗೆ, ಕೈ ಇಡುವ ಪಟ್ಟಿ ಹಿಡಿಯಬಾರದು, ಅವು ಕಳಚಿ ಕೈಗೆ ಬರ್ತಾವೆ. ಹಿಂದಿನ ದೊಡ್ಡ ಗಾಲಿ ಮೇಲೆ ಒಂದೊಂದೇ ಮೆಟ್ಟಿಲು ಇಳಿಸಬೇಕು. ಕಾಲಿಗೆ ಸ್ಪರ್ಶ ಇಲ್ಲದ್ದರಿಂದ ಗೋಡೆಗೆ ಬಡಿದರೂ ಅವರಿಗೆ ಗೊತ್ತಾಗಲ್ಲ, ಅದಕ್ಕೆ ಎರಡೂ ಕಾಲು ಸೇರಿಸಿ ದುಪಟ್ಟಾದಿಂದ ಕಟ್ಟುತ್ತೇವೆ. ಮೂತ್ರದ ಚೀಲದ ನಳಿಗೆ ಗಾಲಿಗೆ ಸಿಗದಂತೆ ಮೊದಲೇ ನೋಡಿಕೊಳ್ಳಬೇಕು. ಇದೆಲ್ಲ ಕೈಯಿಂದ ತಳ್ಳುವ ಕುರ್ಚಿಗೆ. ಬ್ಯಾಟರಿ ಕುರ್ಚಿ ಬಹಳ ಭಾರ, ಅದನ್ನು ಮೇಲೇ ಬಿಟ್ಟು ಮನುಷ್ಯರನ್ನು ಮಾತ್ರ ಇಳಿಸಬೇಕು.

ಮೊದಲ ಸಲ 11 ನಿಮಿಷ ಹಿಡೀತು. ಮೂರನೇ ತಾಲೀಮಿಗೆ 4 ನಿಮಿಷ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲೂ ಹೀಗೇ ಆಗಿತ್ತು. 69ನೇ ಮಹಡಿಯಲ್ಲಿ ವೀಲ್‌ಚೇರ್ ಬಳಸುವ ಒಬ್ಬ ನೌಕರ ಇದ್ದರು. 1993ರ ಬಾಂಬ್ ಸ್ಫೋಟದಲ್ಲಿ ಅವರನ್ನು ಇಳಿಸಲು ಸುಮಾರು ಆರು ತಾಸು ಹಿಡಿದಿತ್ತು. ಆಮೇಲೆ ಅಲ್ಲಿ ಮೆಟ್ಟಿಲಿಳಿಸುವ ಕುರ್ಚಿಗಳನ್ನು ತರಿಸಿಟ್ಟರು. 2001ರಲ್ಲಿ ಜೊತೆಗಾರರು ಅದೇ ಕುರ್ಚಿಯಲ್ಲಿ ಅವರನ್ನು ಸುಮಾರು ಒಂದೂವರೆ ತಾಸಿನಲ್ಲಿ ಇಳಿಸಿದರು. ಸ್ವಲ್ಪ ಹೊತ್ತಿಗೆ ಕಟ್ಟಡ ಬಿತ್ತು, ಅವರು ಬದುಕಿದರು.

ಇನ್ನು ಅಜ್ಜ. ಹಿಂದಿನಿಂದ ತಳ್ಳಬೇಡಿ, ನಿಮ್ಮ ಮೊಣಕೈ ಕೊಡಿ, ಅವರು ಹಿಡ್ಕೋತಾರೆ. ಇದು ನಾವು ಕಲಿತದ್ದು. ಅಜ್ಜ ನಮಗೆ ಕಲಿಸಿದ್ದು ಬೇರೆ. ಲೈಟ್ ಆರಿಸಿ ಕತ್ತಲಲ್ಲಿ ತಾಲೀಮು ಮಾಡಿದಾಗ ನಾವೆಲ್ಲ ತಡಕಾಡ್ತಿದ್ದೆವು, ಅಜ್ಜ ಮಾತ್ರ ಮೆಟ್ಟಿಲೆಣಿಸುತ್ತಾ ಸರಾಗವಾಗಿ ಇಳಿದು ನಮ್ಮನ್ನೂ ಇಳಿಸಿದರು. ಆದರೆ ಒಂದನೇ ಮಹಡಿಯ ತಿರುವಿನಲ್ಲಿ ಯಾರೋ ಖಾಲಿ ಸಿಲಿಂಡರ್ ಇಟ್ಟಿದ್ದರು. ಅದಕ್ಕೆ ಎಡವಿ ಬಿದ್ದರು. ಅವರ ದಾರಿ ಕೆಡಿಸುವುದು ಕಣ್ಣಲ್ಲ, ನಾವು ಇಡುವ ಸಿಲಿಂಡರ್, ಸೈಕಲ್ಲು, ಚಪ್ಪಲಿ ಸ್ಟ್ಯಾಂಡು.

ಅಕ್ಕನ ಕಥೆ ಇನ್ನೊಂದು ಥರ. ಬಾಗಿಲು ಎಷ್ಟು ಬಡಿದರೂ ಅವಳಿಗೆ ಗೊತ್ತಾಗಲ್ಲ. ಕಾಲಿಂಗ್ ಬೆಲ್ಲಿನ ಜೊತೆಗೆ ಎಲೆಕ್ಟ್ರಿಷಿಯನ್ ಕಡೆಯಿಂದ ಒಳಗೆ ಒಂದು ಬಲ್ಬ್ ಹಾಕಿಸಿದೆವು, ಬೆಲ್ ಒತ್ತಿದರೆ ಬಲ್ಬ್ ಹತ್ತುತ್ತೆ. ಕರೆಂಟ್ ಇಲ್ಲದಾಗ ಅದು ಉಪಯೋಗಕ್ಕಿಲ್ಲ. ಅದಕ್ಕೆ ಎದುರುಮನೆ ಚಿಕ್ಕಮ್ಮನ ಹತ್ತಿರ ಇನ್ನೊಂದು ಬೀಗದ ಕೈ ಇದೆ. ರಾತ್ರಿ ಮೊಬೈಲು ವೈಬ್ರೇಟ್ ಮಾಡಿ ದಿಂಬಿನ ಕೆಳಗೆ ಇಟ್ಕೋತಾಳೆ. ಕತ್ತಲಲ್ಲಿ ಸನ್ನೆ ಕಾಣಲ್ಲ, ಅದಕ್ಕೆ ಟಾರ್ಚನ್ನು ಅವಳ ಕಣ್ಣಿಗೆ ಬಿಡದೆ ನಮ್ಮ ಮುಖಕ್ಕೂ ಕೈಗೂ ಹಿಡೀಬೇಕು.

ಇಷ್ಟು ಮಾಡಿದರೂ ಒಂದು ಮಿತಿ ಇದೆ. ಮೆಟ್ಟಿಲಿನಲ್ಲೇ ಹೊಗೆ ತುಂಬಿದ್ದರೆ ದೊಡ್ಡಪ್ಪನ್ನ ಅದರೊಳಗೆ ಇಳಿಸಬಾರದು. ಆಗ ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಕಿಟಕಿಯಲ್ಲಿ ಬಟ್ಟೆ ಬೀಸಬೇಕು. 101 ಅಥವಾ 112ಕ್ಕೆ ಫೋನ್ ಮಾಡಿ “ಬೆಂಕಿ ಬಿದ್ದೈತಿ” ಅಂತಷ್ಟೇ ಹೇಳಿದರೆ ಸಾಲದು. ಯಾವ ಮಹಡಿ, ಯಾವ ಕಡೆಯ ಕಿಟಕಿ, ಒಳಗೆ ವೀಲ್‌ಚೇರಿನವರು ಇದ್ದಾರೆ, ಇಷ್ಟನ್ನು ಕೊಂಕಣಿಯಲ್ಲೋ ಹಿಂದಿಯಲ್ಲೋ ಹೇಳಲು ಮನೆಯ ಎಲ್ಲರಿಗೂ ಬಾಯಿಪಾಠ ಇರಬೇಕು. ದೊಡ್ಡಮ್ಮನಿಗೆ ಈಗ ಬರುತ್ತೆ.

ಕೊನೆಗೆ ನಾವು ಒಂದು ಹಾಳೆ ಬರೆದೆವು. ಯಾರು ಯಾವ ಮನೆಯಲ್ಲಿ, ಅವರಿಗೆ ಏನು ಬೇಕು, ಹೋಗಬೇಕಾದ ಇಬ್ಬರು ಯಾರು, ಅವರಿಲ್ಲದಿದ್ದರೆ ಬದಲಿ ಯಾರು. ಹಗಲಿಗೆ ಬೇರೆ, ರಾತ್ರಿಗೆ ಬೇರೆ ಹೆಸರು, ಯಾಕಂದ್ರೆ ಹಗಲು ಗಂಡಸರೆಲ್ಲ ಕೆಲಸಕ್ಕೆ ಹೋಗಿರ್ತಾರೆ. ಹಾಗಾಗಿ ಹಗಲಿನ ಪಟ್ಟಿಯಲ್ಲಿ ಇರುವವರು ಹೆಣ್ಣುಮಕ್ಕಳೇ, ಕುರ್ಚಿ ಇಳಿಸುವುದನ್ನು ಅವರೂ ಕಲಿತರು. ಆ ಹಾಳೆಯನ್ನು ಗೋಡೆಗೆ ಅಂಟಿಸಲಿಲ್ಲ. ಯಾವ ಮನೆಯಲ್ಲಿ ಯಾರು ಒಬ್ಬರೇ ಇರ್ತಾರೆ ಅಂತ ಕಳ್ಳರಿಗೆ ತಿಳೀಬಾರದು ಅಂತ ಅಕ್ಕ ಬರೆದು ತೋರಿಸಿದಳು. ಒಂದು ಪ್ರತಿ ವಾಚ್‌ಮನ್ ಹತ್ತಿರ, ಒಂದು ಕೆಳಗಿನ ಕಿರಾಣಿ ಅಂಗಡಿಯಲ್ಲಿ ಇದೆ. ಬಾಡಿಗೆದಾರರು ಬದಲಾದಾಗಲೆಲ್ಲ ಹೆಸರು ತಿದ್ದುತ್ತೇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಮು ಅಪಾಯದ ಹೊತ್ತಿನಲ್ಲಿ ಇವರಿಗೂ ಸಮಾನ ರಕ್ಷಣೆ ಅಂತ ಹೇಳುತ್ತೆ. ಬಿಲ್ಡಿಂಗ್ ಮಾಲೀಕರಿಗೆ ಮೆಟ್ಟಿಲಿನ ಲೈಟಿಗೆ, ಕೈಪಟ್ಟಿಗೆ ಅರ್ಜಿ ಬರೆಯುವಾಗ ಅದನ್ನೇ ಮೊದಲ ಸಾಲಲ್ಲಿ ಬರೆದೆವು. ಕೈಪಟ್ಟಿ ಬಂದಿದೆ, ಲೈಟ್ ಇನ್ನೂ ಬಂದಿಲ್ಲ.

ನಿಮ್ಮ ನಿಮ್ಮ ಬಿಲ್ಡಿಂಗಿನಲ್ಲಿ ತಲೆ ಎಣಿಸಿದರೆ ಯಾರು ಕಮ್ಮಿ ಬೀಳ್ತಾರೆ ಅಂತ ಇವತ್ತೇ ಮನೆಗೆ ಹೋಗುವಾಗ ಮೆಟ್ಟಿಲು ಹತ್ತುತ್ತಾ ನೋಡಿಕೊಂಡು ಹೋಗ್ರಿ. ದಾರಿಯಲ್ಲಿ ಸಿಲಿಂಡರ್ ಇದ್ದರೆ ಸರಿಸಿ ಹೋಗ್ರಿ. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಮತ್ತೆ ತಾಲೀಮು ಐತಿ. ಕಲಿಸೋರು ದೊಡ್ಡಪ್ಪನೇ. ಬರ್ರಿ.

ಜೈ ಭೀಮ್.