ಹೊಸ ಕೂಸಿಗೆ ನಾಲ್ಕು ಸಾಲು

ಈ ಹೊತ್ತು ನಾನು ಎತ್ತಿಕೊಂಡಿರುವ ವಿಷಯ ತೀರ ಚಿಕ್ಕದು. ಸ್ನೇಹಿತರ ಮನೆಯಲ್ಲಿ ಮಗು ಹುಟ್ಟಿದೆ. ಅವರಿಗೊಂದು ಶುಭಾಶಯದ ಕಾರ್ಡು ಕಳಿಸಬೇಕು. ಅದರಲ್ಲಿ ಅಂಗಡಿಯವನು ಅಚ್ಚು ಹಾಕಿಸಿದ ಮಾತಿನ ಬದಲು ನಮ್ಮದೇ ನಾಲ್ಕು ಸಾಲಿನ ಪದ್ಯ ಇರಬೇಕು. ಕಾವ್ಯಮೀಮಾಂಸೆಯವರು ಇದನ್ನು ಗಣನೆಗೆ ತೆಗೆದುಕೊಂಡಿಲ್ಲ. ಆದರೆ ಬರೆಯಲು ಕುಳಿತವರಿಗೆ ಗೊತ್ತು, ಕಾಗದ ಚಿಕ್ಕದಾದಷ್ಟೂ ತಪ್ಪು ಮಾತು ದೊಡ್ಡದಾಗಿ ಕಾಣುತ್ತದೆ.

ಮೊದಲಿಗೆ, ಈ ಪದ್ಯ ಯಾವಾಗ ಮನೆ ಸೇರುತ್ತದೆ ಎಂಬುದನ್ನು ನೆನೆಯಬೇಕು. ನಮ್ಮಲ್ಲಿ ಅನೇಕ ಮನೆಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ಕೆಲವು ಮನೆಗಳಲ್ಲಿ ಇನ್ನೂ ತಡವಾಗಿ. ಕಾರ್ಡು ಅದಕ್ಕೆ ಮುಂಚೆಯೇ ತಲುಪುವುದು ವಾಡಿಕೆ. ಆದ್ದರಿಂದ ಪದ್ಯದಲ್ಲಿ ಹೆಸರು ಬರುವಂತಿಲ್ಲ. ಎಷ್ಟೋ ಸಲ ಹುಟ್ಟಿದ್ದು ಗಂಡೋ ಹೆಣ್ಣೋ ಎಂಬುದೂ ನಮಗೆ ಖಚಿತವಾಗಿ ತಿಳಿದಿರುವುದಿಲ್ಲ. ಇಲ್ಲಿ ಕನ್ನಡ ನಮ್ಮ ನೆರವಿಗೆ ಬರುತ್ತದೆ. ‘ಮಗು’, ‘ಕೂಸು’ ಎಂಬ ಮಾತುಗಳು ನಪುಂಸಕಲಿಂಗದಲ್ಲಿ ನಡೆಯುತ್ತವೆ. ‘ಕಂದ’ ಎಂದು ಮಗನನ್ನೂ ಮಗಳನ್ನೂ ಕರೆಯುತ್ತೇವೆ. ಮಗುವನ್ನೇ ‘ನೀನು’ ಎಂದು ಮಾತನಾಡಿಸಿಬಿಟ್ಟರೆ ತೊಡಕೇ ಇಲ್ಲ. ‘ಬಂದೆ’ ಎಂಬ ಕ್ರಿಯಾಪದಕ್ಕೆ ಲಿಂಗಭೇದವಿಲ್ಲವಷ್ಟೆ.

ಆದರೆ ಆ ಪದ್ಯವನ್ನು ಓದುವವರು ಯಾರು? ಮಗುವಂತೂ ಅಲ್ಲ. ಬಾಣಂತಿಯ ಕೋಣೆಗೆ ಬಂದ ಕಾರ್ಡನ್ನು ಮೊದಲು ಅವಳು ಓದುತ್ತಾಳೆ, ಆಮೇಲೆ ಗಂಡ, ಅತ್ತೆ, ತಾಯಿ, ಮಗುವನ್ನು ನೋಡಲು ಬಂದ ನೆರೆಮನೆಯವರು. ಕಿಟಕಿಯ ಗೂಡಿನಲ್ಲಿ ಅದು ಹಲವು ದಿನ ನಿಂತಿರುತ್ತದೆ. ಮಾತು ಮಗುವಿಗೆ, ಕಿವಿ ತಾಯಿಗೆ, ಕಣ್ಣು ಊರಿಗೆಲ್ಲ! ಇದನ್ನು ಮರೆತವರೇ ‘ವೈದ್ಯನಾಗು, ಕೀರ್ತಿ ತಾ’ ಎಂದು ಬರೆಯುತ್ತಾರೆ. ನಾಲ್ಕು ದಿನದ ಕೂಸಿನ ತಲೆಯ ಮೇಲೆ ಮನೆತನದ ಹೊರೆ ಹೇರುತ್ತಾರೆ. ಚೆಲುವನ್ನು ಹೊಗಳುವುದೂ ಅಪಾಯವೇ. ಹೊಸ ಕೂಸು ಕೆಂಪಗೆ ಸುಕ್ಕು ಸುಕ್ಕಾಗಿರುತ್ತದೆ ಎಂಬುದು ಒಂದು ಮಾತು. ಕೆನ್ನೆಗೆ ದೃಷ್ಟಿಬೊಟ್ಟು ಇಡುವ ಅಜ್ಜಿಗೆ ಮಸಿಯಲ್ಲಿ ಬರೆದ ಹೊಗಳಿಕೆ ಕಸಿವಿಸಿ ತರುತ್ತದೆ ಎಂಬುದು ಇನ್ನೊಂದು. ಪದ್ಯದಲ್ಲಿಯೇ ಸ್ವಲ್ಪ ತಮಾಷೆ ಬೆರೆಸಿದರೆ ಅದು ಬೊಟ್ಟಿನ ಕೆಲಸವನ್ನು ಮಾಡುತ್ತದೆಂದು ನನ್ನ ಎಣಿಕೆ.

ಇನ್ನು ಛಂದಸ್ಸು. ಮಗುವಿನ ಮಾತೆಂದರೆ ನಮಗೆ ಜೋಗುಳ ನೆನಪಾಗುತ್ತದೆ. ನಮ್ಮ ಜೋಗುಳಗಳಲ್ಲಿ ಬಹಳಷ್ಟು ತ್ರಿಪದಿಯಲ್ಲಿವೆ. ಹಾಗಾದರೆ ಕಾರ್ಡಿಗೂ ತ್ರಿಪದಿಯೇ ಏಕೆ ಬೇಡ? ತ್ರಿಪದಿ ಅಂಶಗಣದ ಪದ್ಯ. ಅದರ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವ ಹೆಂಗಸು ಒಂದು ಅಕ್ಷರವನ್ನು ಎಳೆದು, ಇನ್ನೊಂದನ್ನು ನುಂಗಿ, ಸಾಲನ್ನು ಮರುಕಳಿಸಿ ಅದನ್ನು ತೂಗಿಸುತ್ತಾಳೆ. ರಾಗದ ಆಸರೆಯಿಲ್ಲದೆ ಕಣ್ಣಲ್ಲೇ ಓದಿದಾಗ ನಾವು ಬರೆದ ತ್ರಿಪದಿ ಕುಂಟಿದಂತೆ ತೋರುತ್ತದೆ. ಕಾರ್ಡನ್ನು ಯಾರೂ ಹಾಡುವುದಿಲ್ಲ. ಆದ್ದರಿಂದ ಓದಿದರೇ ನಡೆ ಸಿಕ್ಕುವ ಮಾತ್ರಾಗಣದ ಚೌಪದಿ ಒಳ್ಳೆಯದು. ‘ಕಂದನಿಗೊಂದು ಕಂದಪದ್ಯ’ ಎಂಬ ಶ್ಲೇಷೆಗೆ ಮರುಳಾದವರನ್ನು ಕಂಡಿದ್ದೇನೆ. ಶ್ಲೇಷೆ ಒಂದು ನಿಮಿಷದ್ದು, ಆ ಛಂದಸ್ಸನ್ನು ಹೊಸಗನ್ನಡದಲ್ಲಿ ನಿರ್ವಹಿಸುವ ತೊಂದರೆ ಒಂದು ವಾರದ್ದು.

ಒಂದು ಉದಾಹರಣೆಯನ್ನೇ ಹಿಡಿಯೋಣ. ನನ್ನ ಗೆಳತಿಯೊಬ್ಬಳಿಗೆ ಏಳು ವರ್ಷಗಳ ಹಿಂದೆ ಹುಟ್ಟಿದ ಮೊದಲ ಮಗು ಒಂಬತ್ತು ದಿನ ಮಾತ್ರ ಬದುಕಿತ್ತು. ನಡುಮನೆಯ ತೊಲೆಗೆ ತೊಟ್ಟಿಲಿಗೆಂದು ಹೊಡೆಸಿದ್ದ ಕೊಂಡಿಗಳನ್ನು ಯಾರೂ ಕೀಳಲಿಲ್ಲ. ಅವುಗಳ ಕಡೆಗೆ ಯಾರೂ ಕಣ್ಣೆತ್ತಲೂ ಇಲ್ಲ. ಆ ಮನೆಯಲ್ಲಿ ಈಗ ಮಗು ಹುಟ್ಟಿತು. ವೈದ್ಯರು ಹೇಳಿದ ದಿನ ಕಳೆದು ಆರನೆಯ ರಾತ್ರಿ, ಮೂರು ಗಂಟೆಯ ಹೊತ್ತಿಗೆ. ಇವಳಿಗೆ ನಾಲ್ಕು ಸಾಲು ಬರೆಯುವುದು ಹೇಗೆ? ‘ಮನೆಯ ಮೊದಲ ಬೆಳಕು’ ಎಂಬ ಸಿದ್ಧವಾದ ಮಾತು ಇಲ್ಲಿ ಸುಳ್ಳು. ಅವಳ ಎದೆಗೆ ನಾಟುವ ಸುಳ್ಳು. ‘ಹೋದ ಕಂದ ಮರಳಿ ಬಂತು’ ಎಂದು ಹಿರಿಯರು ಸಮಾಧಾನಕ್ಕೆ ಹೇಳುವುದುಂಟು. ಹಾಗೆ ಬರೆದರೆ ಹೋದದ್ದಕ್ಕೂ ಅನ್ಯಾಯ, ಬಂದದ್ದಕ್ಕೂ ಅನ್ಯಾಯ. ಹಳೆಯ ದುಃಖವನ್ನು ನೇರವಾಗಿ ನುಡಿದರೆ ಕಿಟಕಿಯ ಗೂಡಿನಲ್ಲಿ ನಿಂತ ಕಾರ್ಡು ಬಂದವರಿಗೆಲ್ಲ ಅದನ್ನು ಓದಿ ಹೇಳುತ್ತದೆ. ಏನನ್ನೂ ಹೇಳದಿದ್ದರೆ, ಎಲ್ಲವನ್ನೂ ಬಲ್ಲ ಸ್ನೇಹಿತೆ ಬರೆದದ್ದೆಂದು ಅದಕ್ಕೆ ಗುರುತೇ ಉಳಿಯುವುದಿಲ್ಲ.

ಆ ಮನೆಯಲ್ಲಿ ನಿಜವಾಗಿ ಇದ್ದ ವಸ್ತು ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ತೊಲೆ. ‘ನಡುಮನೆಯ ತೊಲೆ ಕಾದು ನಿಂತಿತ್ತು ನಿನಗೆ’ ಎಂದರೆ ನೆರೆಯವರಿಗೆ ಅದು ಬರಿಯ ತೊಲೆ. ಅವಳಿಗೆ ಮಾತ್ರ ಏಳು ವರ್ಷ. ತೊಟ್ಟಿಲು ತೂಗುತ್ತಿದೆ ಎಂದು ಬರೆಯಬಹುದಿತ್ತು. ಆದರೆ ಬರಿದಾದ ತೊಟ್ಟಿಲನ್ನು ತೂಗಬಾರದೆಂಬ ನಂಬಿಕೆ ನಮ್ಮ ಹಿರಿಯರಲ್ಲಿದೆ. ತೊಟ್ಟಿಲ ಶಾಸ್ತ್ರ ಇನ್ನೂ ಆಗದ ಮನೆಗೆ, ಅದರಲ್ಲೂ ಆ ಮನೆಗೆ, ಆ ಚಿತ್ರ ಸಲ್ಲದು. ತೊಲೆಯಾದರೋ ಅಲುಗದೆ ನಿಲ್ಲುವಂಥದು.

ಈ ಸಾಲಿನಲ್ಲಿ ಗಣಗಳನ್ನು ಎಣಿಸಿ ನೋಡಿ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೂ, ಸೊನ್ನೆಯಿರುವ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ‘ನಡುಮನೆಯ’ ಐದು, ‘ತೊಲೆ ಕಾದು’ ಐದು, ‘ನಿಂತಿತ್ತು’ ಐದು, ‘ನಿನಗೆ’ ಮೂರು. ಕೊನೆಯ ಆ ಮೂರು ಮಾತ್ರೆಯಲ್ಲಿ ಉಸಿರಿಗೆ ಬಿಡುವು ಸಿಕ್ಕುತ್ತದೆ. ಒಟ್ಟು ಹದಿನೆಂಟು ಮಾತ್ರೆ, ಹದಿನೈದು ಅಕ್ಷರ. ಅಂಗೈಯಗಲದ ಕಾರ್ಡಿನಲ್ಲಿ ಸಾಲು ಮುರಿಯದೆ ಕೂರುತ್ತದೆ. ಇದೇ ಅಳತೆಗೆ ಉಳಿದ ಮೂರು ಸಾಲುಗಳು ಬರಬೇಕು. ಆದಿಪ್ರಾಸವನ್ನು ಇಟ್ಟುಕೊಳ್ಳುವುದಾದರೆ ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ‘ಡ’ಕಾರವಿದ್ದು, ಅದರ ಹಿಂದಿನ ಅಕ್ಷರ ‘ನ’ದಂತೆ ಹ್ರಸ್ವವಾಗಿರಬೇಕು. ಸ್ವರ ಬೇರೆಯಾದರೆ ಬಾಧಕವಿಲ್ಲ.

ಮೊದಲ ಸಾಲಿಗೆ ತಾನಾಗಿ ಒದಗಿ ಬರುವ ಮಾತು ‘ತಡ’. ‘ತಡವೇಕೆ ಎಂದಾರು ಕೇಳುವರು ನಿನ್ನ’ ಎಂದರೆ ಗಣವೂ ಸರಿ, ಪ್ರಾಸವೂ ಸರಿ. ಆದರೆ ಏಳು ವರ್ಷ ಆ ಪ್ರಶ್ನೆಯನ್ನು ನೆಂಟರು ಕೇಳಿದ್ದು ಮಗುವನ್ನಲ್ಲ, ಅವಳನ್ನು. ಸರಿಯಾದ ಗಣದೊಳಗೆ ಕುಳಿತ ಸಲ್ಲದ ಮಾತು ಇದು. ಛಂದಸ್ಸು ಒಪ್ಪಿತೆಂಬ ಕಾರಣಕ್ಕೆ ಇಂಥದನ್ನು ಉಳಿಸಿಕೊಳ್ಳುವ ಆಸೆ ಬಹಳ ಬಲವಾದದ್ದು. ಅದರ ಬದಲಿಗೆ ‘ಗಡಿಯಾರ’ ಎಂದಾಗ ತಡವಾದ ಸಂಗತಿ ಉಳಿಯಿತು, ಚುಚ್ಚು ಹೋಯಿತು. ದಿನ ಮೀರಿ, ರಾತ್ರಿ ಮೂರು ಗಂಟೆಗೆ ಬಂದದ್ದರ ತುಂಟತನವೂ ಮಗುವಿನ ಪಾಲಿಗೆ ಸೇರಿತು.

ಮುಂದಿನ ಎರಡು ಸಾಲುಗಳು ತಾಯಿಯವು. ಹುಟ್ಟಿದ ಮಗುವನ್ನು ಕುರಿತ ಪದ್ಯಗಳಲ್ಲಿ ಹಡೆದವಳು ಮಾಯವಾಗುವುದೇ ಹೆಚ್ಚು. ಅವಳಿಗೆ ಆ ವಾರ ಬೇಕಾದದ್ದಾದರೂ ಏನು? ನಿದ್ದೆ. ಹೊಸ ಕೂಸು ದಿನಕ್ಕೆ 14ರಿಂದ 17 ಗಂಟೆಗಳವರೆಗೆ ನಿದ್ರಿಸುತ್ತದೆಂದು ಹೇಳುತ್ತಾರೆ. ಆದರೆ ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ. ಮಗು ಕಂತಿನಲ್ಲಿ ಮಲಗುವುದರಿಂದ ತಾಯಿಗೂ ನಿದ್ದೆ ಕಂತಿನಲ್ಲೇ ದೊರೆಯಬೇಕು. ಬಾಕಿ, ಕಂತು ಎಂಬ ಲೇವಾದೇವಿಯ ಮಾತುಗಳು ಹೀಗೆ ಪದ್ಯಕ್ಕೆ ಬಂದವು. ಪೂರ್ತಿ ಪದ್ಯ ಇದು:

ಗಡಿಯಾರ ನೋಡದೆಯೆ ಬಂದಿರುವೆ, ಕಂದ;
ನಡುಮನೆಯ ತೊಲೆ ಕಾದು ನಿಂತಿತ್ತು ನಿನಗೆ.
ಹಡೆದವಳ ಕಣ್ಣಲ್ಲಿ ನಿದ್ದೆ ಬಾಕಿಯಿದೆ;
ಕೊಡು, ಅವಳಿಗೊಂದಿಷ್ಟು ಕಂತುಕಂತಾಗಿ.

ಮೂರನೆಯ ಸಾಲಿನಲ್ಲಿ ‘ಬಾಕಿ’ ಎಂಬ ಮಾತು ಎರಡು ಗಣಗಳ ನಡುವೆ ಒಡೆದಿದೆ: ‘ನಿದ್ದೆ ಬಾ’ ಐದು, ‘ಕಿಯಿದೆ’ ಮೂರು. ನಾಲ್ಕನೆಯದರಲ್ಲಿಯೂ ‘ಕಂತುಕಂ’, ‘ತಾಗಿ’ ಎಂದು ಹಾಗೆಯೇ. ಎಲ್ಲ ಸಾಲುಗಳಲ್ಲೂ ಮಾತು ಗಣದ ಅಂಚಿಗೇ ಮುಗಿದರೆ ನಡೆ ಮರದ ಕುದುರೆಯದಾಗುತ್ತದೆ. ಆದ್ದರಿಂದ ಈ ಒಡಕು ನನಗೆ ಹಿತವೇ. ‘ಕೊಡು ಅವಳಿಗೆ’ ಎಂಬಲ್ಲಿ ಸಂಧಿ ಮಾಡಲಿಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಅಲ್ಲಿ ಒಂದು ಅಲ್ಪವಿರಾಮವಿದೆ; ಕೈಚಾಚಿ ಕೇಳುವವರು ಅಷ್ಟು ಹೊತ್ತು ನಿಲ್ಲುತ್ತಾರೆ.

ಅಂತ್ಯಪ್ರಾಸವನ್ನು ಬೇಕೆಂದೇ ಬಿಟ್ಟಿದೆ. ಅದನ್ನು ಹಿಡಿಯಹೊರಟರೆ ‘ಕೇಳು’, ‘ಹೇಳು’, ‘ನೋಡು’, ‘ಅಲ್ಲವೇ’ ಎಂಬ ಅಡಕುಮಾತುಗಳು ಸಾಲಿನ ತುದಿಯಲ್ಲಿ ಬಂದು ಕೂರುತ್ತವೆ. ಇವನ್ನು ಕಂಡುಹಿಡಿಯುವುದು ಸುಲಭ: ಆ ಪದವನ್ನು ಬೆರಳಿನಿಂದ ಮುಚ್ಚಿ ಓದಿ, ಅರ್ಥ ಕಡಮೆಯಾಗದಿದ್ದರೆ ಅದು ಅಡಕು. ಮೇಲಿನ ಪದ್ಯದಲ್ಲಿ ‘ಕಂದ’ವನ್ನು ಮುಚ್ಚಿದರೆ ಮಾತನಾಡುತ್ತಿರುವುದು ಯಾರೊಡನೆ ಎಂಬುದೇ ತಿಳಿಯುವುದಿಲ್ಲ, ‘ನಿನಗೆ’ ಹೋದರೆ ತೊಲೆ ಯಾರಿಗಾಗಿಯೂ ಕಾಯುತ್ತಿಲ್ಲ. ‘ನೋಡದೆಯೆ’ ಎಂಬಲ್ಲಿಯ ‘ಯೆ’ಕಾರ ಮಾತ್ರ ಗಣಕ್ಕಾಗಿ ಬಂದದ್ದು, ಅಷ್ಟನ್ನು ಓದುಗರು ಸಹಿಸಿಯಾರು. ಇನ್ನೊಂದು ಪರೀಕ್ಷೆ ಇದಕ್ಕಿಂತ ಕಠಿನವಾದದ್ದು: ಇದೇ ಪದ್ಯವನ್ನು ಪಕ್ಕದ ಬೀದಿಯ ಮಗುವಿನ ಕಾರ್ಡಿಗೂ ಬರೆಯಬಹುದೇ? ಮೂರನೆಯ, ನಾಲ್ಕನೆಯ ಸಾಲುಗಳು ಯಾವ ಬಾಣಂತಿಗಾದರೂ ಸಲ್ಲುತ್ತವೆ. ಮೊದಲೆರಡು ಸಲ್ಲುವುದಿಲ್ಲ. ತಾರಸಿಯ ಮನೆಗೆ ತೊಲೆ ಎಲ್ಲಿಂದ ಬರಬೇಕು?

ಕಾರ್ಡಿನ ಮೇಲೆ ಇದನ್ನು ಕೈಯಲ್ಲೇ ಬರೆಯಬೇಕು, ಮೊದಲು ಬೇರೊಂದು ಹಾಳೆಯ ಮೇಲೆ ಅದೇ ಅಗಲಕ್ಕೆ ಗೆರೆ ಎಳೆದು ಬರೆದು ನೋಡಿ. ಎರಡನೆಯ ಸಾಲು ಹದಿನೈದು ಅಕ್ಷರದ್ದು, ಎಲ್ಲಕ್ಕಿಂತ ಉದ್ದ. ಅದಕ್ಕೆ ಜಾಗ ಸಾಲುವಂತೆ ಅಕ್ಷರದ ಗಾತ್ರವನ್ನು ಗೊತ್ತುಮಾಡಿಕೊಂಡರೆ ಉಳಿದವು ತಾವಾಗಿ ಹೊಂದುತ್ತವೆ. ಪದ್ಯದ ಕೆಳಗೆ ನಿಮ್ಮ ಹೆಸರು, ತಾರೀಖು. ಪದ್ಯದ ಮೇಲುಗಡೆ ಒಂದು ಸಾಲಿನಷ್ಟು ಸ್ಥಳವನ್ನು ಖಾಲಿ ಬಿಡಿ. ಹನ್ನೆರಡನೆಯ ದಿನ ಕಳೆದ ಮೇಲೆ ಮಗುವಿನ ಹೆಸರನ್ನು ಅಲ್ಲಿ ಅವರೇ ಬರೆದುಕೊಳ್ಳುತ್ತಾರೆ.